ಮೊದಲ ಸಲ ಮಾತ್ರ ತೊದಲುವ ಗೇಮ್: ಶೇಡರ್ ಪಟ್ಟಿ ಯಾರ ಹತ್ತಿರ ಇದೆ?

ಅಣ್ಣನ ಮಗ ದಾವಣಗೆರೆಯಿಂದ ಫೋನ್ ಮಾಡಿದ್ದ. "ಚಿಕ್ಕಪ್ಪ, ಹೊಸ ಲ್ಯಾಪ್‌ಟಾಪ್ ತಗೊಂಡ್ರೂ ಗೇಮ್ ಜಗ್ಗುತ್ತೆ. ಗ್ರಾಫಿಕ್ಸ್ ಎಲ್ಲಾ ಲೋಗೆ ಇಳಿಸಿದೆ, ಇಳಿಸಿದ ಮೇಲೆ ಇನ್ನೂ ಜಾಸ್ತಿ ಆಯ್ತು!" ಅಂದ. ಎಫ್‌ಪಿಎಸ್, ಅಂದರೆ ಸೆಕೆಂಡಿಗೆ ಎಷ್ಟು ಫ್ರೇಮ್ ಬರುತ್ತಿದೆ ಎನ್ನುವ ಲೆಕ್ಕ, ಎಷ್ಟು ತೋರಿಸುತ್ತಿದೆ ಎಂದು ಕೇಳಿದೆ. "ಅದೆಲ್ಲಾ 60 ಇದೆ, ಆದ್ರೆ ಮಧ್ಯೆ ಮಧ್ಯೆ ಹಿಡಿದು ನಿಲ್ಲಿಸಿದ ಹಾಗೆ ಆಗುತ್ತೆ" ಅಂದ.

ಸೆಟಿಂಗ್ಸ್ ಇಳಿಸಿದರೆ ಗೇಮ್ ಹಗುರ ಆಗಬೇಕು, ಅಲ್ವಾ? ಆದರೆ ಅವನು ಹೇಳಿದ್ದು ಸುಳ್ಳಲ್ಲ. ಈ ಬಗೆಯ ತೊದಲಿಗೂ ನಿಮ್ಮ ಗ್ರಾಫಿಕ್ಸ್ ಕಾರ್ಡ್‌ನ ಶಕ್ತಿಗೂ ಹೆಚ್ಚು ಸಂಬಂಧ ಇಲ್ಲ. ಕಾರ್ಡ್ ಸುಮ್ನೆ ಕೂತಿರುತ್ತದೆ. ಅದಕ್ಕೆ ಕೊಡಬೇಕಾದ ಪ್ರೋಗ್ರಾಂ ಇನ್ನೂ ತಯಾರಾಗಿಲ್ಲ, ಸಿಪಿಯು ಅದನ್ನು ತಯಾರು ಮಾಡುತ್ತಾ ಇದೆ, ಅಷ್ಟು ಹೊತ್ತು ಪರದೆಯ ಮೇಲೆ ಹಳೆಯ ಚಿತ್ರವೇ ನಿಂತಿರುತ್ತದೆ. ಇದನ್ನೇ ಶೇಡರ್ ಕಂಪೈಲ್ ಸ್ಟಟರ್ ಅನ್ನುವುದು.

ಶೇಡರ್ ಅಂದರೆ ಗ್ರಾಫಿಕ್ಸ್ ಕಾರ್ಡ್‌ನ ಚಿಪ್ ಆದ ಜಿಪಿಯು ಒಳಗೆ ಓಡುವ ಚಿಕ್ಕ ಪ್ರೋಗ್ರಾಂ. ಗೋಡೆ ಒದ್ದೆಯಾಗಿ ಹೊಳೆಯಬೇಕಾ, ಬೆಂಕಿ ಹೇಗೆ ಕಾಣಬೇಕು, ಚರ್ಮದ ಮೇಲೆ ಬೆಳಕು ಹೇಗೆ ಬೀಳಬೇಕು, ಪ್ರತಿಯೊಂದಕ್ಕೂ ಒಂದೊಂದು ಶೇಡರ್. ಗೇಮ್ ಮಾಡುವವರು ಇದನ್ನು ಬರೆದು, ಅರ್ಧ ದಾರಿಯವರೆಗೆ ಕಂಪೈಲ್ ಮಾಡಿ, ಅಂದರೆ ಯಂತ್ರದ ಭಾಷೆಯ ಕಡೆಗೆ ಬದಲಾಯಿಸಿ, ನಿಮಗೆ ಕಳಿಸುತ್ತಾರೆ. ಇದು ಅಂಗಡಿಯಲ್ಲಿ ಸಿಗುವ ದೋಸೆ ಹಿಟ್ಟಿನ ಪ್ಯಾಕೆಟ್ ಇದ್ದ ಹಾಗೆ. ರುಬ್ಬುವ ಕೆಲಸ ಮುಗಿದಿರುತ್ತದೆ, ಆದರೆ ದೋಸೆ ಹುಯ್ಯಬೇಕಾದದ್ದು ನಿಮ್ಮ ಮನೆಯ ಕಾವಲಿ ಮೇಲೆಯೇ. ಯಾಕೆಂದರೆ ಎನ್ವಿಡಿಯಾ ಕಾರ್ಡ್‌ಗೆ ಅರ್ಥವಾಗುವ ಮಶೀನ್ ಕೋಡ್ ಬೇರೆ, ಎಎಂಡಿಗೆ ಬೇರೆ, ಇಂಟೆಲ್‌ಗೆ ಬೇರೆ. ಒಂದೇ ಕಂಪನಿಯ ಹಳೆಯ ಕಾರ್ಡ್‌ಗೂ ಹೊಸ ಕಾರ್ಡ್‌ಗೂ ಬೇರೆ. ಕೊನೆಯ ಹಂತದ ಕಂಪೈಲ್ ಮಾಡುವುದು ನಿಮ್ಮ ಕಂಪ್ಯೂಟರ್‌ನ ಡ್ರೈವರ್. ಪ್ಲೇಸ್ಟೇಷನ್‌ನಂಥ ಕನ್ಸೋಲ್‌ಗಳಲ್ಲಿ ಈ ಗೋಳು ಇಲ್ಲ. ಅಲ್ಲಿ ಎಲ್ಲರ ಮನೆಯಲ್ಲೂ ಒಂದೇ ಕಾವಲಿ, ಹಾಗಾಗಿ ದೋಸೆಯನ್ನೇ ಕಳಿಸಿಬಿಡಬಹುದು.

ಹಾಗಾದರೆ ಇದು ಇತ್ತೀಚೆಗೆ ಯಾಕೆ ಜಾಸ್ತಿ ಆಯಿತು? ವಿಂಡೋಸ್ ಗೇಮ್‌ಗಳು ಗ್ರಾಫಿಕ್ಸ್ ಕಾರ್ಡ್ ಜೊತೆ ಮಾತಾಡಲು ಬಳಸುವ ಡೈರೆಕ್ಟ್‌ಎಕ್ಸ್‌ನ 11ನೇ ಆವೃತ್ತಿಯ ಕಾಲದಲ್ಲೂ ಡ್ರೈವರ್ ಕಂಪೈಲ್ ಮಾಡುತ್ತಿತ್ತು. ಆದರೆ ಅಲ್ಲಿ ಗೇಮ್ ಒಂದೊಂದು ಶೇಡರ್ ಅನ್ನೂ ಬಿಡಿಬಿಡಿಯಾಗಿ ಕೊಡುತ್ತಿತ್ತು, ಸಾಮಾನ್ಯವಾಗಿ ಲೋಡಿಂಗ್ ಹೊತ್ತಿನಲ್ಲೇ. ಡ್ರೈವರ್ ಒಳಗೊಳಗೇ ಚಾಲಾಕಿತನ ಮಾಡಿ, ಮೊದಲು ಅವಸರದ ಒಂದು ಆವೃತ್ತಿ ಕೊಟ್ಟು, ಆಮೇಲೆ ಹಿನ್ನೆಲೆಯಲ್ಲಿ ಚೆನ್ನಾಗಿರುವುದನ್ನು ತಯಾರಿಸಿ ಬದಲಾಯಿಸುತ್ತಿತ್ತು. 2015ರಲ್ಲಿ ಡೈರೆಕ್ಟ್‌ಎಕ್ಸ್ 12, 2016ರಲ್ಲಿ ಅಂಥದ್ದೇ ಆದ ವಲ್ಕನ್ ಬಂದವು. ಡ್ರೈವರ್ ಇಷ್ಟೆಲ್ಲ ಊಹೆ ಮಾಡುವುದು ಬೇಡ, ಗೇಮ್ ಮಾಡುವವರೇ ಎಲ್ಲವನ್ನೂ ಮೊದಲೇ ಸ್ಪಷ್ಟವಾಗಿ ಹೇಳಲಿ ಎಂಬುದು ಇವುಗಳ ನಿಲುವು. ಶೇಡರ್‌ಗಳು, ಬಣ್ಣ ಹೇಗೆ ಬೆರೆಯಬೇಕು ಎನ್ನುವ ಸೆಟಿಂಗ್, ಆಳದ ಪರೀಕ್ಷೆ, ಚಿತ್ರ ಯಾವ ಫಾರ್ಮ್ಯಾಟ್‌ನಲ್ಲಿ ಬರೆಯಬೇಕು, ಇವೆಲ್ಲವನ್ನೂ ಒಂದೇ ಗಂಟು ಕಟ್ಟಿ ಕೊಡಬೇಕು. ಈ ಗಂಟಿಗೆ ಪೈಪ್‌ಲೈನ್ ಸ್ಟೇಟ್ ಆಬ್ಜೆಕ್ಟ್, ಚಿಕ್ಕದಾಗಿ ಪಿಎಸ್‌ಒ ಎಂದು ಹೆಸರು. ಡೈರೆಕ್ಟ್‌ಎಕ್ಸ್ 12ರಲ್ಲಿ `CreateGraphicsPipelineState`, ವಲ್ಕನ್‌ನಲ್ಲಿ `vkCreateGraphicsPipelines` ಎಂದು ಕರೆದರೆ ಗಂಟು ತಯಾರಾಗುತ್ತದೆ. ತಯಾರಾಗುವವರೆಗೆ ಅದನ್ನು ಬಳಸಿ ಏನನ್ನೂ ಬರೆಯುವ ಹಾಗಿಲ್ಲ.

ಗಂಟಿನಲ್ಲಿ ಒಂದೇ ಒಂದು ಸಂಗತಿ ಬದಲಾದರೂ ಅದು ಹೊಸ ಗಂಟು. ಅದೇ ಕಲ್ಲಿನ ಗೋಡೆ, ಅದೇ ಶೇಡರ್, ಆದರೆ ಈಗ ನೆರಳು ಬರೆಯುವ ಹಂತದಲ್ಲಿದೆ ಅಂದರೆ ಬೇರೆ ಪಿಎಸ್‌ಒ. ಅದೇ ಗೋಡೆ ಅರ್ಧ ಪಾರದರ್ಶಕವಾದರೆ ಮತ್ತೊಂದು. ಹೀಗೆ ಗುಣಿಸುತ್ತಾ ಹೋದರೆ ದೊಡ್ಡ ಗೇಮ್‌ನಲ್ಲಿ ಸಂಖ್ಯೆ ಸಾವಿರಗಳನ್ನು ದಾಟುತ್ತದೆ.

ಸುಮ್ನೆ ಒಂದು ಲೆಕ್ಕ ಹಾಕೋಣ. 60 ಎಫ್‌ಪಿಎಸ್ ಬೇಕಾದರೆ ಒಂದು ಫ್ರೇಮ್‌ಗೆ ಸಿಗುವುದು 16.7 ಮಿಲಿಸೆಕೆಂಡ್. ಒಂದು ಪಿಎಸ್‌ಒ ತಯಾರಿಗೆ 50 ಮಿಲಿಸೆಕೆಂಡ್ ಹಿಡಿಯಿತು ಅಂದುಕೊಳ್ಳಿ, ಮೂರು ಫ್ರೇಮ್ ಹೋಯಿತು. ಹೊಸ ಕೋಣೆಯ ಬಾಗಿಲು ತೆರೆದಾಗ ಒಟ್ಟಿಗೇ ಏಳೆಂಟು ಹೊಸ ಪಿಎಸ್‌ಒ ಬೇಕಾದರೆ ಅರ್ಧ ಸೆಕೆಂಡಿಗೆ ಹತ್ತಿರ ಹತ್ತಿರ ನಿಂತೇಬಿಡುತ್ತದೆ. ಇದು ಸರಾಸರಿ ಎಫ್‌ಪಿಎಸ್‌ನಲ್ಲಿ ಕಾಣುವುದೇ ಇಲ್ಲ. ಒಂದು ನಿಮಿಷದಲ್ಲಿ 3600 ಫ್ರೇಮ್ ಇರುತ್ತದೆ, ಅದರಲ್ಲಿ 30 ಹೋದರೆ ಸರಾಸರಿ 59.5. ನನ್ನ ಅಣ್ಣನ ಮಗನಿಗೆ 60 ಎಂದು ತೋರಿಸುತ್ತಿದ್ದದ್ದು ಹೀಗೆ. ಹಾಗಾಗಿ ನೋಡಬೇಕಾದದ್ದು ಎಫ್‌ಪಿಎಸ್ ಅಲ್ಲ, ಪ್ರತಿ ಫ್ರೇಮ್‌ಗೆ ಎಷ್ಟು ಹೊತ್ತು ಹಿಡಿಯಿತು ಎನ್ನುವ ಫ್ರೇಮ್‌ಟೈಮ್ ಗೆರೆ. ಆಫ್ಟರ್‌ಬರ್ನರ್ ಅಥವಾ ಕ್ಯಾಪ್‌ಫ್ರೇಮ್‌ಎಕ್ಸ್ ಹಾಕಿಕೊಂಡರೆ ಸಿಗುತ್ತದೆ.

ಈಗ ಕ್ಯಾಶ್ ವಿಷಯ. ಒಮ್ಮೆ ಕಂಪೈಲ್ ಆದದ್ದನ್ನು ಡ್ರೈವರ್ ಡಿಸ್ಕ್‌ನಲ್ಲಿ ಬರೆದಿಟ್ಟುಕೊಳ್ಳುತ್ತದೆ. ಮುಂದಿನ ಸಲ ಅದೇ ಪಿಎಸ್‌ಒ ಕೇಳಿದರೆ ಕಂಪೈಲ್ ಮಾಡದೆ ಅಲ್ಲಿಂದ ಎತ್ತಿಕೊಡುತ್ತದೆ. ಕೇಳಲು ಚೆನ್ನಾಗಿದೆ. ಆದರೆ ಗಮನಿಸಿ, ಕ್ಯಾಶ್ ಎಂಬುದು ಎರಡನೇ ಸಲದ ಔಷಧಿ. ಮೊದಲ ಸಲ ಬೆಂಕಿ ಉಂಡೆ ಎಸೆದಾಗ ಆಗುವ ತೊದಲಿಗೆ ಅದರ ಹತ್ತಿರ ಏನೂ ಇಲ್ಲ. ಕಥೆ ಇರುವ ಗೇಮ್ ಅನ್ನು ನಾವು ಆಡುವುದೇ ಒಂದು ಸಲ, ಪ್ರತಿ ಕೋಣೆಗೂ ಹೋಗುವುದು ಮೊದಲ ಸಲ. ಅಂದರೆ ಇಡೀ ಗೇಮ್ ಮೊದಲ ಸಲವೇ!

ಹಾಗಾಗಿ ನಿಜವಾದ ಪ್ರಶ್ನೆ ಕಂಪೈಲ್ ಆದದ್ದನ್ನು ಎಲ್ಲಿಡಬೇಕು ಎಂಬುದಲ್ಲ. ಏನೇನು ಬೇಕಾಗುತ್ತದೆ ಎಂದು ಮೊದಲೇ ಹೇಳುವವರು ಯಾರು ಎಂಬುದು. ಪಟ್ಟಿ ಕೈಯಲ್ಲಿದ್ದರೆ ಲೋಡಿಂಗ್ ಸಮಯದಲ್ಲೇ ಎಲ್ಲ ಮುಗಿಸಿಬಿಡಬಹುದು. ಪಟ್ಟಿ ಇಲ್ಲದಿದ್ದರೆ ಎಷ್ಟೇ ಜಿಬಿ ಕ್ಯಾಶ್ ಕೊಟ್ಟರೂ ಮೊದಲ ಸಲ ತೊದಲಲೇಬೇಕು. ಈಗ ಇರುವ ಎಲ್ಲ ಪರಿಹಾರಗಳನ್ನೂ ನಾನು ಈ ಒಂದೇ ಪ್ರಶ್ನೆ ಇಟ್ಟುಕೊಂಡು ನೋಡುತ್ತೇನೆ: ಪಟ್ಟಿ ಯಾರು ಮಾಡಿದರು?

ಹಳೆಯ ದಾರಿ, ಗೇಮ್ ಮಾಡುವವರು ತಾವೇ ಆಡಿ ಪಟ್ಟಿ ಮಾಡುವುದು. ಗೇಮ್ ಕಟ್ಟಲು ಬಳಸುವ ಅನ್‌ರಿಯಲ್ ಎಂಜಿನ್ 4ರಲ್ಲಿ ಗೇಮ್ ಅನ್ನು `-logPSO` ಜೊತೆ ಓಡಿಸಿದರೆ, ಆಡುವಾಗ ಬೇಕಾದ ಪ್ರತಿ ಪಿಎಸ್‌ಒ ಕೂಡ ಒಂದು ಫೈಲ್‌ಗೆ ಬರೆದುಕೊಳ್ಳುತ್ತದೆ. ಪರೀಕ್ಷೆ ಮಾಡುವವರು ಗೇಮ್‌ನ ಮೂಲೆಮೂಲೆ ಸುತ್ತಬೇಕು, ಎಲ್ಲ ಆಯುಧ ಬಳಸಬೇಕು, ಎಲ್ಲ ಮಂತ್ರ ಹಾಕಬೇಕು, ಅದೂ ಲೋ, ಮೀಡಿಯಂ, ಹೈ ಎಲ್ಲ ಸೆಟಿಂಗ್‌ನಲ್ಲೂ. ಆಮೇಲೆ ಆ ಫೈಲ್‌ಗಳನ್ನೆಲ್ಲ ಕೂಡಿಸಿ ಗೇಮ್ ಜೊತೆ ಕಳಿಸಬೇಕು. ಬಿಡುಗಡೆಗೆ ಒಂದು ವಾರ ಇರುವಾಗ ಕಲಾವಿದರು ಹತ್ತು ಮೆಟೀರಿಯಲ್ ಬದಲಾಯಿಸಿದರೆ ಆ ಭಾಗದ ಪಟ್ಟಿ ಹಳತಾಯಿತು, ಮತ್ತೆ ಆಡಬೇಕು. ಎಷ್ಟು ತಂಡಗಳಿಗೆ ಇಷ್ಟು ಪುರುಸೊತ್ತು ಇರುತ್ತದೆ ಹೇಳಿ.

2022ರ ಡಿಸೆಂಬರ್‌ನಲ್ಲಿ ಬಂದ ದಿ ಕ್ಯಾಲಿಸ್ಟೊ ಪ್ರೋಟೊಕಾಲ್ ಇದಕ್ಕೆ ಎಲ್ಲರಿಗೂ ನೆನಪಿರುವ ಉದಾಹರಣೆ. ಅನ್‌ರಿಯಲ್ 4ರಲ್ಲಿ ಮಾಡಿದ, ನೋಡಲು ತುಂಬಾ ಚೆನ್ನಾಗಿದ್ದ ಗೇಮ್. ಪಿಸಿಯಲ್ಲಿ ಮೊದಲ ದಿನ ಎಷ್ಟು ತೊದಲಿತು ಅಂದರೆ ಗೇಮ್ ಮಾರುವ ಸ್ಟೀಮ್‌ನಲ್ಲಿ ಬೈಗುಳದ ವಿಮರ್ಶೆಗಳ ಸಾಲೇ ನಿಂತಿತು. ಬೆನ್ನಿಗೇ ಪ್ಯಾಚ್ ಬಂತು, ತೊದಲು ಕಡಿಮೆಯಾಯಿತು, ಆದರೆ ಮೊದಲ ದಿನದ ಹೆಸರು ಹೋಗಿತ್ತು.

ಇದು ಪರೀಕ್ಷೆ ಮಾಡಿದವರಿಗೆ ಯಾಕೆ ಕಾಣಲಿಲ್ಲ ಎಂದು ಜನ ಕೇಳುತ್ತಾರೆ. ಬಹುತೇಕ ಕಾರಣ ತುಂಬಾ ಸರಳ. ಸ್ಟುಡಿಯೋದ ಕಂಪ್ಯೂಟರ್‌ನಲ್ಲಿ ಅದೇ ಗೇಮ್ ತಿಂಗಳುಗಟ್ಟಲೆ ಓಡಿರುತ್ತದೆ, ಡ್ರೈವರ್ ಕ್ಯಾಶ್ ತುಂಬಿ ತುಳುಕುತ್ತಿರುತ್ತದೆ. ಅವರ ಕಾವಲಿ ಯಾವಾಗಲೂ ಬಿಸಿ. ನಮ್ಮದು ತಣ್ಣಗೆ. ಹಾಗಾಗಿಯೇ ಅನ್‌ರಿಯಲ್‌ನಲ್ಲಿ ಪರೀಕ್ಷೆಗೆ ಮುಂಚೆ ಡ್ರೈವರ್ ಕ್ಯಾಶ್ ಅಳಿಸಿಕೊಂಡು ಶುರು ಮಾಡಲು `-clearPSODriverCache` ಎಂಬ ಆಯ್ಕೆ ಇಟ್ಟಿದ್ದಾರೆ. ಅದನ್ನು ಹಾಕದೆ ಪರೀಕ್ಷೆ ಮಾಡಿ "ನಮ್ಮಲ್ಲಿ ಚೆನ್ನಾಗಿ ಓಡ್ತಿದೆ" ಅನ್ನುವುದಕ್ಕೆ ಅರ್ಥವೇ ಇಲ್ಲ.

ಎರಡನೇ ದಾರಿ, ಪಟ್ಟಿಯನ್ನು ಎಂಜಿನ್ ತಾನೇ ಊಹಿಸುವುದು. 2022ರ ಕೊನೆಗೆ ಅನ್‌ರಿಯಲ್ 5.1ರಲ್ಲಿ ಪ್ರಯೋಗವಾಗಿ ಬಂದು, ಆಮೇಲಿನ ಆವೃತ್ತಿಗಳಲ್ಲಿ ತಾನಾಗಿಯೇ ಚಾಲೂ ಇರುವ ಪಿಎಸ್‌ಒ ಪ್ರಿಕ್ಯಾಶಿಂಗ್ ಇದೇ. ಒಂದು ವಸ್ತು ಲೋಡ್ ಆದ ಕೂಡಲೇ ಎಂಜಿನ್ ಅದರ ಮೆಟೀರಿಯಲ್ ನೋಡಿ, ಇದಕ್ಕೆ ಮುಂದೆ ಯಾವ್ಯಾವ ಪಿಎಸ್‌ಒ ಬೇಕಾಗಬಹುದು ಎಂದು ಲೆಕ್ಕ ಹಾಕಿ, ಹಿನ್ನೆಲೆಯ ಥ್ರೆಡ್‌ಗಳಲ್ಲಿ ಕಂಪೈಲ್‌ಗೆ ಹಾಕುತ್ತದೆ. ವಸ್ತು ಲೋಡ್ ಆಗುವುದಕ್ಕೂ ಕಣ್ಣಿಗೆ ಬೀಳುವುದಕ್ಕೂ ನಡುವೆ ಸ್ವಲ್ಪ ಸಮಯ ಇರುತ್ತದಲ್ಲ, ಅಷ್ಟರಲ್ಲಿ ಕೆಲಸ ಮುಗಿಸುವ ಆಸೆ. ಮುಗಿಯದೇ ಹೋದರೆ? ಅದಕ್ಕೂ ಒಂದು ಸೆಟಿಂಗ್ ಇದೆ.

```
r.PSOPrecaching=1
r.PSOPrecache.ProxyCreationWhenPSOReady=1
```

ಎರಡನೇ ಸಾಲಿನ ಅರ್ಥ, ಪಿಎಸ್‌ಒ ಸಿದ್ಧವಾಗುವ ತನಕ ಆ ವಸ್ತುವನ್ನು ಪರದೆಗೆ ತರಬೇಡ ಎಂದು. ಗೇಮ್ ನಿಲ್ಲುವುದಿಲ್ಲ, ಬದಲಿಗೆ ಒಂದು ಡಬ್ಬವೋ ಕಂಬವೋ ಎರಡು ಮೂರು ಫ್ರೇಮ್ ತಡವಾಗಿ ಪಟ್ ಎಂದು ಕಾಣಿಸಿಕೊಳ್ಳುತ್ತದೆ. ಇನ್ನೊಂದು ಬಗೆಯಲ್ಲಿ, ಅಷ್ಟು ಹೊತ್ತು ಬೂದು ಬಣ್ಣದ ಸಾದಾ ಮೆಟೀರಿಯಲ್ ಹಾಕಿ ತೋರಿಸಬಹುದು. ನನಗೆ ಕೇಳಿದರೆ ಇದೇ ವಾಸಿ. ಕಂಬ ತಡವಾಗಿ ಬಂದದ್ದು ಅರ್ಧ ಜನಕ್ಕೆ ಗೊತ್ತೇ ಆಗುವುದಿಲ್ಲ, ಕೈಯಲ್ಲಿರುವ ಮೌಸ್ ಕಾಲು ಸೆಕೆಂಡ್ ಸತ್ತರೆ ಎಲ್ಲರಿಗೂ ಗೊತ್ತಾಗುತ್ತದೆ.

ಆದರೆ ಊಹೆ ಅಂದರೆ ಊಹೆಯೇ. ಎಂಜಿನ್ ಬೇಕಾದದ್ದಕ್ಕಿಂತ ಜಾಸ್ತಿ ಕಂಪೈಲ್ ಮಾಡುತ್ತದೆ, ಅದರಲ್ಲಿ ಎಷ್ಟೋ ಪಿಎಸ್‌ಒ ಕೊನೆಗೂ ಬಳಕೆಗೆ ಬರುವುದಿಲ್ಲ. ಜೊತೆಗೆ ಯಾವ ವಸ್ತುವಿಗೂ ಅಂಟಿಕೊಳ್ಳದ ಶೇಡರ್‌ಗಳಿವೆ. ಇಡೀ ಪರದೆಗೆ ಮಸುಕು ಹಾಕುವಂಥವು, ಬೆಳಕಿನ ಲೆಕ್ಕ ಮಾಡುವಂಥವು. ವಸ್ತು ನೋಡಿ ಪಟ್ಟಿ ಮಾಡುವ ಈ ವಿಧಾನಕ್ಕೆ ಮೊದಮೊದಲು ಇವು ಸಿಗಲೇ ಇಲ್ಲ. ಹಳೆಯ ಎಂಜಿನ್ ಆವೃತ್ತಿಯಲ್ಲಿ ಶುರುವಾಗಿ ಅಲ್ಲೇ ಉಳಿದ ಗೇಮ್‌ಗಳು ಇಂದಿಗೂ ಬಿಡುಗಡೆಯಾಗುತ್ತಿವೆ. ಹಾಗಾಗಿ "ಅನ್‌ರಿಯಲ್ 5 ಅಂದ್ರೆ ತೊದಲು" ಎಂದು ಬೈಯುವವರೂ ಸರಿ, "ಅದು ಸರಿಹೋಗಿದೆ" ಅನ್ನುವವರೂ ಸರಿ. ಗೇಮ್ ಯಾವ ಆವೃತ್ತಿಯಲ್ಲಿದೆ, ತಂಡ ಏನು ಮಾಡಿದೆ ಎಂಬುದರ ಮೇಲೆ ಹೋಗುತ್ತದೆ.

ಗೇಮ್ ತೆರೆದ ಕೂಡಲೇ ಬರುವ "Compiling Shaders" ಪರದೆ ಇದೆಯಲ್ಲ, ಅದು ಪಟ್ಟಿ ಇರುವವರ ಕೆಲಸ. 2023ರ ಮಾರ್ಚ್‌ನಲ್ಲಿ ಬಂದ ದಿ ಲಾಸ್ಟ್ ಆಫ್ ಅಸ್ ಪಾರ್ಟ್ 1 ಪಿಸಿಯಲ್ಲಿ ಈ ಪರದೆಯಲ್ಲೇ ಜನ ಅಷ್ಟು ಹೊತ್ತು ಕಾದು ಸುಸ್ತಾದರು. ಇಲ್ಲೂ ಸುಮ್ನೆ ಒಂದು ಲೆಕ್ಕ ಹಾಕೋಣ: ಯಾವುದೋ ಒಂದು ಗೇಮ್‌ಗೆ 8000 ಪಿಎಸ್‌ಒ, ಒಂದಕ್ಕೆ ಸರಾಸರಿ 50 ಮಿಲಿಸೆಕೆಂಡ್ ಅಂದುಕೊಂಡರೆ ಒಟ್ಟು 400 ಸೆಕೆಂಡ್ ಕೆಲಸ. ಎಂಟು ಕೋರ್‌ಗೆ ಸರಿಯಾಗಿ ಹಂಚಿದರೆ 50 ಸೆಕೆಂಡ್, ನಾಲ್ಕು ಕೋರ್‌ನ ಹಳೆಯ ಲ್ಯಾಪ್‌ಟಾಪ್‌ನಲ್ಲಿ 100 ಸೆಕೆಂಡ್, ಬಿಸಿಯಾಗಿ ವೇಗ ಇಳಿದರೆ ಇನ್ನೂ ಜಾಸ್ತಿ. ಈ ಪರದೆಯಲ್ಲಿ ಸಿಪಿಯು 100 ಪರ್ಸೆಂಟ್ ತೋರಿಸುವುದು, ಫ್ಯಾನ್ ಕಿರುಚುವುದು ಸಹಜ. ಇದು ಎಷ್ಟು ಭಾರದ ಕೆಲಸ ಅಂದರೆ, ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಕೆಲವು ಡೆಸ್ಕ್‌ಟಾಪ್ ಸಿಪಿಯುಗಳ ವೋಲ್ಟೇಜ್ ದೋಷ 2024ರಲ್ಲಿ ದೊಡ್ಡ ಸುದ್ದಿಯಾಯಿತಲ್ಲ, ಅದು ಎಷ್ಟೋ ಜನರಿಗೆ ಮೊದಲು ಗೊತ್ತಾದದ್ದೇ ಶೇಡರ್ ಕಂಪೈಲ್ ಹೊತ್ತಿನಲ್ಲಿ ಗೇಮ್ ಬಿದ್ದುಹೋಗಿ. ಪರದೆಯ ಮೇಲೆ ಬರುತ್ತಿದ್ದ ಸಂದೇಶ ಮಾತ್ರ ವಿಡಿಯೋ ಮೆಮೊರಿ ಸಾಲದು ಎಂದು! ಜನ ಪಾಪ ಗ್ರಾಫಿಕ್ಸ್ ಕಾರ್ಡ್ ಬದಲಾಯಿಸುತ್ತಾ ಕೂತಿದ್ದರು.

ನಾನೂ ಒಂದು ಸಲ ಎಡವಿದ್ದೇನೆ. ಗೆಳೆಯರು ಮನೆಗೆ ಬಂದಿದ್ದ ಒಂದು ಭಾನುವಾರ, ಅವಸರದಲ್ಲಿ ಆ ಪರದೆಯನ್ನು "Skip" ಒತ್ತಿ ದಾಟಿದೆ. ಹಿಂದಿನ ರಾತ್ರಿ ಡ್ರೈವರ್ ಅಪ್‌ಡೇಟ್ ಮಾಡಿದ್ದು ಮರೆತೇಹೋಗಿತ್ತು. ಮೂರು ತಿಂಗಳಿಂದ ಬೆಣ್ಣೆಯ ಹಾಗೆ ಓಡುತ್ತಿದ್ದ ಗೇಮ್ ಅವತ್ತು ಹೆಜ್ಜೆ ಹೆಜ್ಜೆಗೂ ತಡವರಿಸಿತು. ಡ್ರೈವರ್ ಬದಲಾದರೆ ಕಂಪೈಲರ್ ಬದಲಾದ ಹಾಗೆ. ಹಳೆಯ ಕ್ಯಾಶ್‌ನಲ್ಲಿ ಇರುವ ಮಶೀನ್ ಕೋಡ್ ಅನ್ನು ಹೊಸ ಡ್ರೈವರ್ ನಂಬುವುದಿಲ್ಲ, ನಂಬಲೂ ಬಾರದು. ಕಾರ್ಡ್ ಬದಲಾಯಿಸಿದರೂ ಇದೇ ಕಥೆ, ಗೇಮ್‌ಗೆ ದೊಡ್ಡ ಪ್ಯಾಚ್ ಬಂದರೂ ಬದಲಾದ ಶೇಡರ್‌ಗಳ ಮಟ್ಟಿಗೆ ಇದೇ ಕಥೆ.

ಮೂರನೇ ದಾರಿ ನನಗೆ ತುಂಬಾ ಇಷ್ಟವಾದದ್ದು. ಪಟ್ಟಿಯನ್ನು ಆಡುವ ಜನರಿಂದಲೇ ಕೂಡಿಸುವುದು. ಸ್ಟೀಮ್ ನಡೆಸುವ ವಾಲ್ವ್ ಕಂಪನಿಯವರು ಫಾಸಿಲೈಸ್ ಎಂಬ ಸಾಧನ ಮಾಡಿದ್ದಾರೆ. ನೀವು ಲಿನಕ್ಸ್‌ನಲ್ಲೋ ಸ್ಟೀಮ್ ಡೆಕ್‌ನಲ್ಲೋ ಆಡುವಾಗ ಯಾವ್ಯಾವ ಪೈಪ್‌ಲೈನ್ ಬೇಕಾಯಿತು ಎಂಬ ವಿವರ ಅದು ಬರೆದುಕೊಳ್ಳುತ್ತದೆ. ಕಂಪೈಲ್ ಆದ ಕೋಡ್ ಅಲ್ಲ, ಗಂಟಿನೊಳಗೆ ಏನೇನಿತ್ತು ಎಂಬ ವಿವರ. ಅದು ಸ್ಟೀಮ್‌ಗೆ ಹೋಗಿ ಬೇರೆಯವರ ಪಟ್ಟಿಗಳ ಜೊತೆ ಸೇರುತ್ತದೆ. ನಾಳೆ ಬೇರೊಬ್ಬರು ಅದೇ ಗೇಮ್ ಇಳಿಸಿಕೊಂಡಾಗ ಈ ಒಟ್ಟು ಪಟ್ಟಿಯೂ ಅವರಿಗೆ ಸಿಗುತ್ತದೆ, ಅವರ ಕಂಪ್ಯೂಟರ್ ಆಡುವ ಮುಂಚೆಯೇ ಅದನ್ನೆಲ್ಲ ಕಂಪೈಲ್ ಮಾಡಿಕೊಳ್ಳುತ್ತದೆ. ಟಾಸ್ಕ್ ಲಿಸ್ಟ್‌ನಲ್ಲಿ `fossilize_replay` ಎಂದು ಕಂಡು ಇದ್ಯಾವುದೋ ವೈರಸ್ ಇರಬೇಕು ಎಂದು ಗಾಬರಿಯಾದವರಿಗೆ ಉತ್ತರ ಇದು. ಸ್ಟೀಮ್‌ನ ಸೆಟಿಂಗ್ಸ್‌ನಲ್ಲಿ ಡೌನ್‌ಲೋಡ್ಸ್ ಪುಟದಲ್ಲಿ ಶೇಡರ್ ಪ್ರಿ-ಕ್ಯಾಶಿಂಗ್ ಎಂದಿರುವುದು, ಅದರ ಕೆಳಗೆ ವಲ್ಕನ್ ಶೇಡರ್‌ಗಳನ್ನು ಹಿನ್ನೆಲೆಯಲ್ಲಿ ತಯಾರಿಸಲು ಅನುಮತಿ ಕೇಳುವುದು, ಎರಡೂ ಇದಕ್ಕೇ.

ಸ್ಟೀಮ್ ಡೆಕ್‌ನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. ಅಲ್ಲಿ ಎಲ್ಲರದೂ ಒಂದೇ ಬಗೆಯ ಜಿಪಿಯು, ಒಂದೇ ಡ್ರೈವರ್. ಅಂದರೆ ಮತ್ತೆ ಎಲ್ಲರ ಮನೆಯಲ್ಲೂ ಒಂದೇ ಕಾವಲಿ. ಹಾಗಾಗಿ ಅಲ್ಲಿಗೆ ಕಂಪೈಲ್ ಆದದ್ದನ್ನೇ ಕಳಿಸುತ್ತಾರೆ. ಕೈಯಲ್ಲಿ ಹಿಡಿಯುವ ಚಿಕ್ಕ ಯಂತ್ರದಲ್ಲಿ ಕೆಲವು ಗೇಮ್‌ಗಳು ದುಬಾರಿ ಪಿಸಿಗಿಂತ ಸಲೀಸಾಗಿ ಓಡಿದ್ದಕ್ಕೆ ಇದೂ ಒಂದು ಕಾರಣ. ಬೆಲೆ ತೆರಬೇಕಾದದ್ದು ಡಿಸ್ಕ್ ಜಾಗದಲ್ಲಿ. 64 ಜಿಬಿ ಡೆಕ್ ಇದ್ದವರಿಗೆ ಶೇಡರ್ ಫೈಲ್‌ಗಳೇ ಜಾಗ ತಿಂದುಹಾಕಿ ತಲೆನೋವಾಗಿತ್ತು.

ವಿಂಡೋಸ್‌ನಲ್ಲಿ ಇದೇ ಆಯ್ಕೆ ಆನ್ ಮಾಡಿ ಡೈರೆಕ್ಟ್‌ಎಕ್ಸ್ 12 ಗೇಮ್ ತೊದಲುವುದು ನಿಲ್ಲಲಿಲ್ಲ ಎಂದು ಬೇಜಾರಾಗಬೇಡಿ. ಅದು ವಲ್ಕನ್, ಓಪನ್‌ಜಿಎಲ್ ಗೇಮ್‌ಗಳಿಗೆ. ಲಿನಕ್ಸ್‌ನಲ್ಲಿ ಡೈರೆಕ್ಟ್‌ಎಕ್ಸ್ ಗೇಮ್‌ಗೂ ಕೆಲಸ ಮಾಡುತ್ತದೆ, ಯಾಕೆಂದರೆ ಅಲ್ಲಿ ಪ್ರೋಟಾನ್ ಅದನ್ನು ವಲ್ಕನ್‌ಗೆ ಬದಲಾಯಿಸಿ ಓಡಿಸುತ್ತದೆ.

ವಿಂಡೋಸ್‌ಗೆ ಈಗ ಬರುತ್ತಿರುವುದು ಮೈಕ್ರೋಸಾಫ್ಟ್‌ನ ಅಡ್ವಾನ್ಸ್ಡ್ ಶೇಡರ್ ಡೆಲಿವರಿ. 2025ರ ಅಕ್ಟೋಬರ್‌ನಲ್ಲಿ ಆರ್‌ಒಜಿ ಎಕ್ಸ್‌ಬಾಕ್ಸ್ ಅಲೈ ಎಂಬ ಕೈಯಂತ್ರದ ಜೊತೆ ಇದು ಶುರುವಾಯಿತು. ಇದರಲ್ಲಿ ಪಟ್ಟಿ ಬೇರೆ, ಕಂಪೈಲ್ ಆದದ್ದು ಬೇರೆ ಎಂದು ಸ್ಪಷ್ಟವಾಗಿ ಎರಡು ಮಾಡಿದ್ದಾರೆ. ಗೇಮ್ ಮಾಡುವವರು ಯಾವ್ಯಾವ ಪಿಎಸ್‌ಒ ಬೇಕು ಎಂಬ ಡೇಟಾಬೇಸ್ ಕೊಡಬೇಕು. ಅದನ್ನು ಇಟ್ಟುಕೊಂಡು ಒಂದೊಂದು ಜಿಪಿಯು ಮತ್ತು ಡ್ರೈವರ್‌ಗೆ ತಕ್ಕ ಹಾಗೆ ದೂರದ ಸರ್ವರ್‌ಗಳಲ್ಲೇ ಕಂಪೈಲ್ ಮಾಡಿ, ಗೇಮ್ ಡೌನ್‌ಲೋಡ್ ಆಗುವಾಗಲೇ ಜೊತೆಗೆ ಕಳಿಸುತ್ತಾರೆ. ಕೆಲವು ಗೇಮ್‌ಗಳು ಮೊದಲ ಸಲ ತೆರೆದುಕೊಳ್ಳುವುದು ಹತ್ತು ಪಟ್ಟು ಬೇಗ ಆಗಬಹುದು ಎಂದು ಕಂಪನಿ ಹೇಳಿಕೊಂಡಿದೆ. ಒಂದು ಕೈಯಂತ್ರಕ್ಕೆ ಇದನ್ನು ಮಾಡುವುದು ಸುಲಭ. ಸಾವಿರ ಬಗೆಯ ಪಿಸಿಗಳಿಗೆ, ತಿಂಗಳಿಗೊಂದು ಬರುವ ಡ್ರೈವರ್‌ಗಳಿಗೆ ಮಾಡುವುದು ಬೇರೆ ಮಾತು. ಅದಕ್ಕಿಂತ ಮುಖ್ಯವಾಗಿ, ಇದರಲ್ಲೂ ಪಟ್ಟಿ ಕೊಡಬೇಕಾದವರು ಗೇಮ್ ಮಾಡಿದವರೇ. ಅವರು ಅರ್ಧ ಪಟ್ಟಿ ಕೊಟ್ಟರೆ ಅರ್ಧ ತೊದಲು ಉಳಿಯುತ್ತದೆ.

ಪಟ್ಟಿಯೇ ಸಾಧ್ಯವಿಲ್ಲದ ಕಡೆ ಏನು ಮಾಡುತ್ತಾರೆ ಎಂಬುದೂ ಒಂದು ಒಳ್ಳೆಯ ಕಥೆ. ಡಾಲ್ಫಿನ್ ಎಂಬ ಎಮ್ಯುಲೇಟರ್ ನಿಂಟೆಂಡೊ ಗೇಮ್‌ಕ್ಯೂಬ್, ವೀ ಗೇಮ್‌ಗಳನ್ನು ಪಿಸಿಯಲ್ಲಿ ಓಡಿಸುತ್ತದೆ. ಆ ಹಳೆಯ ಯಂತ್ರದಲ್ಲಿ ಶೇಡರ್ ಎಂಬುದೇ ಇರಲಿಲ್ಲ, ಗೇಮ್ ತನಗೆ ಬೇಕಾದ ಹಾಗೆ ಚಿಪ್‌ನ ಸೆಟಿಂಗ್‌ಗಳನ್ನು ಕ್ಷಣಕ್ಷಣಕ್ಕೂ ತಿರುವುತ್ತಿತ್ತು. ಎಷ್ಟು ಜೋಡಣೆಗಳು ಬರಬಹುದು ಎಂದು ಮೊದಲೇ ಪಟ್ಟಿ ಮಾಡಲು ದಾರಿಯಿಲ್ಲ. 2017ರಲ್ಲಿ ಡಾಲ್ಫಿನ್‌ನವರು ಆ ಚಿಪ್‌ನ ಇಡೀ ನಡವಳಿಕೆಯನ್ನೇ ಒಂದು ದೈತ್ಯ ಶೇಡರ್‌ನಲ್ಲಿ ಬರೆದರು. ಅದಕ್ಕೆ ಯಾವ ಸೆಟಿಂಗ್ ಬಂದರೂ ಹೊಸದಾಗಿ ಕಂಪೈಲ್ ಬೇಡ, ಆದರೆ ನಿಧಾನ. ಹಾಗಾಗಿ ಹೊಸ ಜೋಡಣೆ ಬಂದಾಗ ಮೊದಲು ದೈತ್ಯನಿಂದ ಬರೆಸು, ಅಷ್ಟರಲ್ಲಿ ಹಿನ್ನೆಲೆಯಲ್ಲಿ ಆ ಜೋಡಣೆಗೆ ಸರಿಯಾದ ಚಿಕ್ಕ ಶೇಡರ್ ಕಂಪೈಲ್ ಮಾಡು, ಸಿದ್ಧವಾದ ಕೂಡಲೇ ಬದಲಾಯಿಸು ಎಂಬ ವ್ಯವಸ್ಥೆ ಮಾಡಿದರು. ಡೈರೆಕ್ಟ್‌ಎಕ್ಸ್ 11ರ ಡ್ರೈವರ್‌ಗಳು ಮಾಡುತ್ತಿದ್ದ ಹಳೆಯ ಉಪಾಯದ ಅಣ್ಣ ಅಂತಲೇ ಇಟ್ಟುಕೊಳ್ಳಿ.

ಈಗ ಅಣ್ಣನ ಮಗನ ಲ್ಯಾಪ್‌ಟಾಪ್‌ಗೆ ಬರೋಣ. ಹಬ್ಬಕ್ಕೆ ಊರಿಗೆ ಹೋದಾಗ ಇಬ್ಬರೂ ಕೂತು ನೋಡಿದೆವು. ಫ್ರೇಮ್‌ಟೈಮ್ ಬರೆದುಕೊಳ್ಳಲು ಹಾಕಿ, ಅವನು ಅಲ್ಲಿಯವರೆಗೆ ಬಳಸದ ಒಂದು ಬೆಂಕಿಯ ಮಂತ್ರ ಎಸೆಯಲು ಹೇಳಿದೆ. ಸಾಲು ಹೀಗೆ ಬಂತು: 16.6, 16.8, 187, 41, 16.7. ಅದೇ ಜಾಗದಲ್ಲಿ ಮತ್ತೆ ಎಸೆದ. 16.7, 16.6, 17.1. ಗುರುತೇ ಇಲ್ಲ. ಗೇಮ್ ಮುಚ್ಚಿ ಮತ್ತೆ ತೆರೆದು ಎಸೆದಾಗ ಒಂದು ಫ್ರೇಮ್ 22ಕ್ಕೆ ಹೋಯಿತು, ಕಣ್ಣಿಗೆ ಗೊತ್ತಾಗಲಿಲ್ಲ. ಅಂದರೆ ಡಿಸ್ಕ್‌ನ ಕ್ಯಾಶ್‌ನಿಂದ ಬಂತು. ಇದು ಶೇಡರ್ ತೊದಲಿನ ಸರಿಯಾದ ಗುರುತು: ಮೊದಲ ಸಲ ದೊಡ್ಡ ಹೊಡೆತ, ಆಮೇಲೆ ಮಾಯ.

ಆಮೇಲೆ ಅವನು ಗ್ರಾಫಿಕ್ಸ್ ಅನ್ನು ಹೈನಿಂದ ಲೋಗೆ ಇಳಿಸಿ, ಅದೇ ಮಂತ್ರ ಎಸೆದ. ಮತ್ತೆ 140! ನೆರಳಿನ ಗುಣಮಟ್ಟ, ಬೆಳಕಿನ ವಿಧಾನ ಬದಲಾದರೆ ಬೇರೆ ಶೇಡರ್, ಬೇರೆ ಪಿಎಸ್‌ಒ. ಕ್ಯಾಶ್‌ನಲ್ಲಿದ್ದದ್ದು ಹೈ ಸೆಟಿಂಗ್‌ನವು. ಅವನು ತೊದಲು ಕಂಡಾಗಲೆಲ್ಲ ಒಂದೊಂದು ಸೆಟಿಂಗ್ ಬದಲಾಯಿಸುತ್ತಿದ್ದ, ಬದಲಾಯಿಸಿದಾಗಲೆಲ್ಲ ಕಾವಲಿ ತಣ್ಣಗಾಗುತ್ತಿತ್ತು. ರೆಸಲ್ಯೂಷನ್ ಬದಲಾಯಿಸಿದರೆ ಸಾಮಾನ್ಯವಾಗಿ ಈ ತೊಂದರೆ ಇಲ್ಲ, ಅದು ಗಂಟಿನೊಳಗೆ ಇರುವುದಿಲ್ಲ.

ಮಾಡಿದ್ದು ಮೂರೇ ಕೆಲಸ. ಸೆಟಿಂಗ್ಸ್ ಒಂದು ಕಡೆ ನಿಲ್ಲಿಸಿದೆವು. ಎನ್ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನ 3ಡಿ ಸೆಟಿಂಗ್ಸ್‌ನಲ್ಲಿ "Shader Cache Size" ಅನ್ನು 10 ಜಿಬಿ ಮಾಡಿದೆವು. ನಾಲ್ಕೈದು ದೊಡ್ಡ ಗೇಮ್ ಇದ್ದರೆ ಮಿತಿ ತುಂಬಿ, ಹೊಸದಕ್ಕೆ ಜಾಗ ಮಾಡಲು ಹಳೆಯದನ್ನು ಅಳಿಸುತ್ತಾ ಹೋಗುತ್ತದೆ, ಒಂದು ತಿಂಗಳು ಬಿಟ್ಟು ಹಳೆಯ ಗೇಮ್‌ಗೆ ವಾಪಸ್ ಬಂದರೆ ಮತ್ತೆ ಮೊದಲಿನಿಂದ. ಡಿಸ್ಕ್ ತೀರಾ ಇಕ್ಕಟ್ಟಿದ್ದರೆ ಮಾತ್ರ ಇದನ್ನು ಮುಟ್ಟಬೇಡಿ. ಮೂರನೆಯದು, ಅವನು ವಾರಕ್ಕೊಮ್ಮೆ ಓಡಿಸುತ್ತಿದ್ದ ಕಸ ಗುಡಿಸುವ ಒಂದು ಆ್ಯಪ್. ಅದು ಪ್ರತಿ ಸಲ "ಇಷ್ಟು ಜಿಬಿ ಉಳಿಸಿದೆ" ಎಂದು ಜಂಬ ಕೊಚ್ಚಿಕೊಳ್ಳುತ್ತಿದ್ದದ್ದರಲ್ಲಿ ಶೇಡರ್ ಕ್ಯಾಶ್ ಕೂಡ ಇತ್ತು. ವಿಂಡೋಸ್‌ನ ಸ್ವಂತ ಡಿಸ್ಕ್ ಕ್ಲೀನಪ್‌ನಲ್ಲೂ "DirectX Shader Cache" ಎಂಬ ಒಂದು ಟಿಕ್ ಇರುತ್ತದೆ, ಸುಮ್ಮಸುಮ್ಮನೆ ಹಾಕಬೇಡಿ. ಕ್ಯಾಶ್ ಅಳಿಸುವುದು ಯಾವಾಗ ಸರಿ ಅಂದರೆ, ಡ್ರೈವರ್ ಬದಲಾದ ಮೇಲೆ ಗೇಮ್ ಬಿದ್ದುಹೋಗುತ್ತಿದ್ದರೆ, ಇಲ್ಲವೇ ಚಿತ್ರ ಕಿತ್ತುಬಂದ ಹಾಗೆ ಕಾಣುತ್ತಿದ್ದರೆ. ತೊದಲಿಗೆ ಕ್ಯಾಶ್ ಅಳಿಸಿ ಎಂದು ಹೇಳುವವರು ಎಲ್ಲ ಕಡೆ ಸಿಗುತ್ತಾರೆ. ಹಸಿವಾಗಿದೆ ಅಂದವರಿಗೆ ಮಾಡಿಟ್ಟ ಅಡುಗೆ ಚೆಲ್ಲಿ ಅಂದ ಹಾಗೆ ಅದು.

ಇಷ್ಟೆಲ್ಲ ಮಾಡಿದ ಮೇಲೂ ಅವನ ಗೇಮ್‌ನಲ್ಲಿ ಒಂದು ಸೇತುವೆ ಇತ್ತು. ಅದರ ಮಧ್ಯಕ್ಕೆ ಬಂದಾಗ 70 ಮಿಲಿಸೆಕೆಂಡ್ ಹೊಡೆತ. ವಾಪಸ್ ಬಂದು ದಾಟಿದರೂ 70, ಹತ್ತನೇ ಸಲವೂ 68, 72. ಇದು ಶೇಡರ್ ಅಲ್ಲ. ಶೇಡರ್ ಆಗಿದ್ದರೆ ಎರಡನೇ ಸಲಕ್ಕೇ ಹೋಗಬೇಕಿತ್ತು. ಸೇತುವೆಯ ಆಚೆಗಿನ ಊರನ್ನು ಗೇಮ್ ಆಗ ಮೆಮೊರಿಗೆ ಎಳೆದುಕೊಳ್ಳುತ್ತಿತ್ತು, ನೂರಾರು ವಸ್ತುಗಳನ್ನು ಒಂದೇ ಫ್ರೇಮ್‌ನಲ್ಲಿ ಹುಟ್ಟಿಸುತ್ತಿತ್ತು ಎಂದು ನನ್ನ ಅಂದಾಜು. 2022ರಲ್ಲಿ ಎಲ್ಡನ್ ರಿಂಗ್ ಬಂದಾಗಲೂ ಇದೇ ಗೊಂದಲ ಆಗಿತ್ತು. ಎಲ್ಲರೂ ಶೇಡರ್ ಎಂದು ಬೈದರು. ವಾಲ್ವ್‌ನ ಪಿಯರ್-ಲೂ ಗ್ರಿಫೇ ಮಾತ್ರ, ತಮ್ಮ ಕಡೆ ಕಂಡ ದೊಡ್ಡ ಹೊಡೆತಗಳಲ್ಲಿ ಬಹುಪಾಲು ಶೇಡರ್‌ನವಲ್ಲ, ಗೇಮ್ ಕೆಲವು ಜಾಗಗಳಲ್ಲಿ ಸಾವಿರಾರು ಕಮ್ಯಾಂಡ್ ಬಫರ್‌ನಂಥ ವಸ್ತುಗಳನ್ನು ಒಟ್ಟಿಗೆ ಹುಟ್ಟಿಸುತ್ತಿದೆ ಎಂದು ತೋರಿಸಿದರು. ಅದನ್ನು ಪ್ರೋಟಾನ್‌ನಲ್ಲಿ ಬೇರೆಯಾಗಿ ಸರಿಮಾಡಬೇಕಾಯಿತು.

"ಹಂಗಾದ್ರೆ ಸೇತುವೆಗೆ ಏನ್ಮಾಡೋದು ಚಿಕ್ಕಪ್ಪ?" ಅಂದ. ಅದಕ್ಕೆ ನಮ್ಮ ಕಡೆಯಿಂದ ಸೆಟಿಂಗ್ ಏನೂ ಇಲ್ಲಪ್ಪ, ಗೇಮ್ ಮಾಡಿದವರೇ ಪ್ಯಾಚ್ ಕೊಡಬೇಕು, ಅಲ್ಲಿಯವರೆಗೆ ಆ ಸೇತುವೆ ಮೇಲೆ ಯಾರ ಜೊತೆಗೂ ಜಗಳಕ್ಕೆ ನಿಲ್ಲಬೇಡ ಎಂದೆ.